ಕಲ್ಚರ್ ಸೆನ್ಸಿಟಿವಿಟಿ ರಿಪೋರ್ಟ್‌ಗಳನ್ನ ಒಂದೇ ಟೇಬಲ್‌ಗೆ ತರೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ವಾರ್ಡ್‌ನಲ್ಲಿ, ಐಸಿಯುನಲ್ಲಿ ಕೆಲಸ ಮಾಡೋ ಜೂನಿಯರ್ ಡಾಕ್ಟರ್‌ಗಳು, ಫಾರ್ಮಸಿಸ್ಟ್‌ಗಳು, ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್‌ಗಳಿಗೆ ಬರೆದಿದ್ದು. ಇಲ್ಲಿ ಮಾತಾಡ್ತಿರೋದು ಒಬ್ಬ ರೋಗಿಯ ಟೇಬಲ್ ಬಗ್ಗೆ, ಅಂದ್ರೆ ಹಲವು ದಿನ ಅಡ್ಮಿಟ್ ಆಗಿರೋರಿಗೆ ಒಂದರ ಹಿಂದೆ ಒಂದು ಬರೋ ಯೂರಿನ್, ಬ್ಲಡ್, ಕಫದ ಕಲ್ಚರ್‌ಗಳನ್ನ ಒಂದೇ ಹಾಳೆಯಲ್ಲಿ ನೋಡೋ ಹಾಗೆ ಮಾಡೋದು. ಇಡೀ ಆಸ್ಪತ್ರೆಯ ಆಂಟಿಬಯೋಗ್ರಾಂ ಬೇರೆ ವಿಷಯ, ಅದರ ಬಗ್ಗೆ ಕೊನೆಗೆ ಸ್ವಲ್ಪ ಇದೆ.

## ರಿಪೋರ್ಟ್‌ಗಳು ಫೈಲ್‌ನಲ್ಲೇ ಇರ್ತವಲ್ಲ, ಮತ್ತೆ ಟೇಬಲ್ ಯಾಕೆ?

ಒಂದೇ ರಿಪೋರ್ಟ್ ಇದ್ರೆ ಬೇಡ, ನಿಜವಾಗ್ಲೂ ಬೇಡ. ಆದ್ರೆ ನಾಲ್ಕೈದು ರಿಪೋರ್ಟ್ ಆದ್ಮೇಲೆ ಪ್ರತಿಯೊಂದರಲ್ಲೂ ಔಷಧಿಗಳ ಕ್ರಮ ಬೇರೆ, ಒಂದರಲ್ಲಿ ಟೆಸ್ಟ್ ಮಾಡಿದ್ದು ಇನ್ನೊಂದರಲ್ಲಿ ಇಲ್ಲ, ಒಂದು ಪ್ರಿಲಿಮಿನರಿ ಇನ್ನೊಂದು ಫೈನಲ್, ರೌಂಡ್ಸ್‌ನಲ್ಲಿ ನಿಂತ್ಕೊಂಡು ಹಾಳೆ ತಿರುವ್ತಾ "ಮೊದಲನೇ ಯೂರಿನ್‌ನಲ್ಲಿ ಅಮಿಕಾಸಿನ್ ಏನಿತ್ತು" ಅಂತ ಹುಡುಕೋವಾಗ ಮುಖ್ಯವಾದ ವಿಷಯವೇ ತಪ್ಪಿಹೋಗತ್ತೆ. ಆ ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ ಬದಲಾವಣೆ. ಮೊದಲು ಮೆರೋಪೆನೆಮ್‌ಗೆ ಬಗ್ಗುತ್ತಿದ್ದ ಜಾಗದಲ್ಲಿ ಈಗ ಬಗ್ಗದ ಬ್ಯಾಕ್ಟೀರಿಯಾ ಬಂದಿದೆ ಅನ್ನೋದು ಒಂದೊಂದೇ ರಿಪೋರ್ಟ್ ನೋಡಿದ್ರೆ ಕಾಣಲ್ಲ, ಒಂದರ ಕೆಳಗೆ ಒಂದು ಇಟ್ಟಾಗ ಕಾಣತ್ತೆ.

## ಒಂದು ರೋ ಅಂದ್ರೆ ಒಂದು ರಿಪೋರ್ಟಾ?

ಅಲ್ಲ. ಒಂದು ರೋ ಅಂದ್ರೆ ಒಂದು ಸ್ಯಾಂಪಲ್‌ನಿಂದ ಬೆಳೆದ ಒಂದು ಬ್ಯಾಕ್ಟೀರಿಯಾ. ಒಂದೇ ಯೂರಿನ್‌ನಲ್ಲಿ ಈ. ಕೋಲೈ ಮತ್ತು ಎಂಟರೋಕಾಕಸ್ ಎರಡೂ ಬೆಳೆದಿದ್ರೆ ಎರಡು ರೋ. ಇದನ್ನ ಒಂದೇ ರೋಗೆ ಸೇರಿಸಿಬಿಟ್ರೆ ಯಾವ R ಯಾರದ್ದು ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ.

ಎಡಗಡೆ ಇರಬೇಕಾದ ಕಾಲಂಗಳು ಇಷ್ಟು: ಸ್ಯಾಂಪಲ್ ತೆಗೆದ ತಾರೀಖು, ಸ್ಯಾಂಪಲ್ ಎಲ್ಲಿಂದ, ಬೆಳೆದದ್ದು ಯಾವುದು ಎಷ್ಟು, ರಿಪೋರ್ಟ್ ಪ್ರಿಲಿಮಿನರಿನಾ ಫೈನಲ್ಲಾ. ತಾರೀಖು ಅಂದ್ರೆ ಸ್ಯಾಂಪಲ್ ತೆಗೆದ ದಿನ, ರಿಪೋರ್ಟ್ ಬಂದ ದಿನ ಅಲ್ಲ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಕಲ್ಚರ್ ಬೆಳೆದು ಸೆನ್ಸಿಟಿವಿಟಿ ಬರೋಕೆ ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಆಂಟಿಬಯಾಟಿಕ್ ಬದಲಾಗಿರತ್ತೆ, ರಿಪೋರ್ಟ್ ದಿನ ಹಾಕಿದ್ರೆ ಹೊಸ ಔಷಧಿ ಕೊಟ್ಟ ಮೇಲೂ ಬ್ಯಾಕ್ಟೀರಿಯಾ ಬೆಳೀತಿದೆ ಅನ್ನೋ ತಪ್ಪು ಅರ್ಥ ಬರತ್ತೆ, ವಾಸ್ತವದಲ್ಲಿ ಆ ಸ್ಯಾಂಪಲ್ ಔಷಧಿ ಶುರುವಾಗೋ ಮೊದಲೇ ತೆಗೆದದ್ದಾಗಿರತ್ತೆ.

ಏನೂ ಬೆಳೀಲಿಲ್ಲ ಅನ್ನೋ ರಿಪೋರ್ಟ್‌ಗೂ ಒಂದು ರೋ ಕೊಡಿ. ಬ್ಲಡ್ ಕಲ್ಚರ್ ಯಾವತ್ತು ಕ್ಲಿಯರ್ ಆಯ್ತು ಅನ್ನೋದು ಆಮೇಲೆ ಎಷ್ಟು ದಿನ ಔಷಧಿ ಕೊಡ್ಬೇಕು ಅಂತ ಲೆಕ್ಕ ಹಾಕೋವಾಗ ಬೇಕಾಗತ್ತೆ.

## ಔಷಧಿಗಳನ್ನ ಯಾವ ಕ್ರಮದಲ್ಲಿ ಹಾಕ್ಲಿ? ಅಕ್ಷರಮಾಲೆ ಪ್ರಕಾರ ಹಾಕಿದ್ರೆ ಹುಡುಕೋದು ಸುಲಭ ಅಲ್ವಾ?

ಹುಡುಕೋಕೆ ಸುಲಭ, ಓದೋಕೆ ಕಷ್ಟ. ಔಷಧಿಗಳನ್ನ ಗುಂಪಿನ ಪ್ರಕಾರ ಇಡಿ, ಗುಂಪಿನ ಒಳಗೆ ಚಿಕ್ಕ ವ್ಯಾಪ್ತಿಯದ್ದು ಮೊದಲು ದೊಡ್ಡದು ಆಮೇಲೆ. ಗ್ರಾಂ ನೆಗೆಟಿವ್ ಟೇಬಲ್ ಆದ್ರೆ ಆಂಪಿಸಿಲಿನ್, ಆಮೇಲೆ ಸೆಫ್‌ಟ್ರಯಾಕ್ಸೋನ್, ಸೆಫೆಪೈಮ್, ಆಮೇಲೆ ಪಿಪರಾಸಿಲಿನ್ ಟಾಜೋಬ್ಯಾಕ್ಟಮ್, ಆಮೇಲೆ ಎರ್ಟಾಪೆನೆಮ್, ಮೆರೋಪೆನೆಮ್. ಅದರ ಪಕ್ಕ ಜೆಂಟಾಮೈಸಿನ್, ಅಮಿಕಾಸಿನ್. ಆಮೇಲೆ ಸಿಪ್ರೋಫ್ಲಾಕ್ಸಾಸಿನ್, ಕೋಟ್ರೈಮಾಕ್ಸಜೋಲ್. ಬರೀ ಯೂರಿನ್‌ಗೆ ಉಪಯೋಗ ಆಗೋ ನೈಟ್ರೋಫ್ಯುರಾಂಟೋಯಿನ್ ಮತ್ತು ಬಾಯಿಂದ ಕೊಡೋ ಫಾಸ್ಫೋಮೈಸಿನ್ ಬೇರೆ ಗುಂಪು, ಕೊನೆಗೆ ಕೋಲಿಸ್ಟಿನ್ ತರದವು.

ಹೀಗೆ ಇಟ್ಟಾಗ ರೆಸಿಸ್ಟೆನ್ಸ್ ಒಂದು ಆಕಾರದಲ್ಲಿ ಕಾಣತ್ತೆ. R ಇರೋ ಸೆಲ್‌ಗಳ ಕೆಂಪು ಬಣ್ಣ ಎಡದಿಂದ ಶುರುವಾಗಿ ಸೆಫಲೋಸ್ಪೋರಿನ್ ತನಕ ಬಂದು ಕಾರ್ಬಪೆನೆಮ್ ಹತ್ತಿರ ನಿಂತಿದ್ರೆ ಇಎಸ್‌ಬಿಎಲ್ ಅಂತ ಅನುಮಾನ, ಕಾರ್ಬಪೆನೆಮ್‌ನೂ ದಾಟಿ ಹೋಗಿದ್ರೆ ಅದು ಇನ್ನೊಂದು ಮಟ್ಟದ ಸಮಸ್ಯೆ. ಅಕ್ಷರಮಾಲೆ ಕ್ರಮದಲ್ಲಿ ಅಮಿಕಾಸಿನ್ ಪಕ್ಕ ಆಂಪಿಸಿಲಿನ್ ಕೂತಿರತ್ತೆ, ಎರಡಕ್ಕೂ ಸಂಬಂಧವೇ ಇಲ್ಲ, ಕೆಂಪು ಅಲ್ಲಲ್ಲಿ ಚೆಲ್ಲಾಪಿಲ್ಲಿ ಆಗಿ ಏನೂ ಹೊಳೆಯಲ್ಲ.

ಗ್ರಾಂ ಪಾಸಿಟಿವ್‌ಗೆ ಬೇರೆ ಶೀಟ್ ಮಾಡಿ. ಸ್ಟ್ಯಾಫಿಲೋಕಾಕಸ್‌ಗೆ ಬೇಕಾಗಿರೋದು ಸೆಫಾಕ್ಸಿಟಿನ್, ಕ್ಲಿಂಡಾಮೈಸಿನ್, ವ್ಯಾಂಕೋಮೈಸಿನ್, ಲಿನೆಜೋಲಿಡ್, ಎರಡನ್ನೂ ಒಂದೇ ಟೇಬಲ್‌ಗೆ ತುರುಕಿದ್ರೆ ಅರ್ಧ ಸೆಲ್ ಖಾಲಿ ಇರತ್ತೆ.

## S, I, R ಅಷ್ಟೇ ಸಾಕಾ, ಎಂಐಸಿ ನಂಬರ್‌ನೂ ಹಾಕ್ಬೇಕಾ?

ಲ್ಯಾಬ್ ಕೊಟ್ಟಿದ್ರೆ ಎರಡೂ ಹಾಕಿ, ಒಂದೇ ಸೆಲ್‌ನಲ್ಲಿ ಅಕ್ಷರ ಮೊದಲು ನಂಬರ್ ಆಮೇಲೆ, ಉದಾಹರಣೆಗೆ R >=16 ಅಥವಾ S 2. ಡಿಸ್ಕ್ ವಿಧಾನದಲ್ಲಿ ಮಾಡಿದ್ರೆ ಎಂಐಸಿ ಇರಲ್ಲ, ಜೋನ್ ಅಳತೆ ಇರತ್ತೆ, ಆಗ ಅಕ್ಷರ ಮಾತ್ರ ಸಾಕು.

ನಂಬರ್ ಯಾಕೆ ಬೇಕು ಅಂದ್ರೆ S, R ಅನ್ನೋ ಗೆರೆ ಎಳೆಯೋ ಜಾಗ ಕಾಲಕ್ಕೆ ತಕ್ಕ ಹಾಗೆ ಬದಲಾಗತ್ತೆ. ಈ. ಕೋಲೈ, ಕ್ಲೆಬ್ಸಿಯೆಲ್ಲಾ ಗುಂಪಿಗೆ ಅಮಿಕಾಸಿನ್ ಎಂಐಸಿ 16 ತನಕ S ಅಂತ ಈ ಗೆರೆ ನಿಗದಿ ಮಾಡೋ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐ ಹೇಳ್ತಿತ್ತು, 2023ರಲ್ಲಿ ಅದನ್ನ 4ಕ್ಕೆ ಇಳಿಸಿತು. ಹಾಗಾಗಿ ಎಂಐಸಿ 8 ಇರೋ ಅದೇ ಬ್ಯಾಕ್ಟೀರಿಯಾ ಹಳೇ ಗೆರೆ ಇಟ್ಕೊಂಡಿರೋ ಲ್ಯಾಬ್‌ನಲ್ಲಿ S, ಹೊಸದು ಅಳವಡಿಸಿಕೊಂಡ ಲ್ಯಾಬ್‌ನಲ್ಲಿ I. ಬೇರೆ ಕಡೆಯಿಂದ ರೆಫರ್ ಆಗಿ ಬಂದ ರೋಗಿಯ ಟೇಬಲ್‌ನಲ್ಲಿ ಅಕ್ಷರ ಬದಲಾದ್ರೆ ರೆಸಿಸ್ಟೆನ್ಸ್ ಬೆಳೀತು ಅಂತ ಗಾಬರಿ ಆಗೋ ಮೊದಲು ನಂಬರ್ ನೋಡಿ, ನಂಬರ್ ಹಾಗೇ ಇದ್ರೆ ಬದಲಾಗಿದ್ದು ಗೆರೆ ಮಾತ್ರ. ಅದಕ್ಕೇ ಲ್ಯಾಬ್ ಯಾವ ಗೈಡ್‌ಲೈನ್, ಯಾವ ವರ್ಷದ್ದು ಬಳಸಿದೆ ಅಂತ ರಿಪೋರ್ಟ್‌ನಲ್ಲಿ ಇದ್ರೆ ಟೇಬಲ್ ಮೇಲ್ಗಡೆ ಬರೆದಿಡಿ.

## ಎಂಐಸಿ ಕಡಿಮೆ ಇರೋ ಔಷಧಿನೇ ಒಳ್ಳೇದು ಅಂತ ಆರಿಸಬಹುದಾ?

ಆಗಲ್ಲ, ಇದು ತುಂಬಾ ಜನ ಮಾಡೋ ತಪ್ಪು. ಎಂಐಸಿಯನ್ನ ಅದೇ ಔಷಧಿಯ ಗೆರೆ ಜೊತೆ ಮಾತ್ರ ಹೋಲಿಸಬೇಕು, ಪಕ್ಕದ ಔಷಧಿ ಜೊತೆ ಅಲ್ಲ. ಸಿಪ್ರೋಫ್ಲಾಕ್ಸಾಸಿನ್ 1 ಇದ್ರೆ ಈ. ಕೋಲೈಗೆ ಅದು R, ನೈಟ್ರೋಫ್ಯುರಾಂಟೋಯಿನ್ 16 ಇದ್ರೆ ಅದು S, ಯಾಕಂದ್ರೆ ಒಂದೊಂದು ಔಷಧಿ ದೇಹದಲ್ಲಿ ಸೇರೋ ಪ್ರಮಾಣವೇ ಬೇರೆ ಬೇರೆ. ಟೇಬಲ್‌ನಲ್ಲಿ ನಂಬರ್‌ಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡೋ ಕಾಲಂ ಹಾಕಲೇಬೇಡಿ, ನೋಡಿದೋರು ಅದನ್ನ ರ‍್ಯಾಂಕ್ ಅಂತಲೇ ಓದ್ತಾರೆ.

## I ಅಂದ್ರೆ ಅರ್ಧ ಕೆಲಸ ಮಾಡತ್ತೆ ಅಂತಾನಾ?

ಇದು ರಿಪೋರ್ಟ್ ಯಾವ ಗೈಡ್‌ಲೈನ್ ಪ್ರಕಾರ ಅನ್ನೋದರ ಮೇಲೆ ಹೋಗತ್ತೆ. ಯುರೋಪಿನ ಗೈಡ್‌ಲೈನ್ ಯೂಕ್ಯಾಸ್ಟ್ 2019ರಿಂದ I ಅನ್ನೋದಕ್ಕೆ ಕೊಟ್ಟಿರೋ ಅರ್ಥ, ಔಷಧಿ ಹೆಚ್ಚಿನ ಪ್ರಮಾಣದಲ್ಲಿ ತಲುಪಿದ್ರೆ ಕೆಲಸ ಮಾಡತ್ತೆ ಅಂತ, ಅಂದ್ರೆ ಡೋಸ್ ಜಾಸ್ತಿ ಮಾಡಿ ಕೊಡಬಹುದು. ಸಿಎಲ್‌ಎಸ್‌ಐನಲ್ಲಿ ಅದೇ ತರದ ಅರ್ಥಕ್ಕೆ SDD ಅಂತ ಬೇರೆ ಗುರುತು ಇದೆ, ಸೆಫೆಪೈಮ್ ಎಂಐಸಿ 4 ಅಥವಾ 8 ಬಂದಾಗ ಅದನ್ನ ನೋಡ್ತೀರಿ.

ಕೋಲಿಸ್ಟಿನ್ ಒಂದು ವಿಶೇಷ. ಸಿಎಲ್‌ಎಸ್‌ಐ 2020ರಿಂದ ಕೋಲಿಸ್ಟಿನ್‌ಗೆ S ಅನ್ನೋದನ್ನೇ ತೆಗೆದುಹಾಕಿದೆ, ಎಂಐಸಿ 2 ಅಥವಾ ಕಡಿಮೆ ಇದ್ರೆ I, 4 ಅಥವಾ ಮೇಲೆ ಇದ್ರೆ R, ಅಷ್ಟೇ. ಅಂದ್ರೆ ಸಿಎಲ್‌ಎಸ್‌ಐ ಪ್ರಕಾರದ ಟೇಬಲ್‌ನಲ್ಲಿ ಕೋಲಿಸ್ಟಿನ್ ಯಾವತ್ತೂ ಹಸಿರಾಗಬಾರದು. ಯಾರಾದ್ರೂ ಹಸಿರು ಹಾಕಿದ್ರೆ ಹಳದಿ ಮಾಡಿಸಿ, ಆ ಔಷಧಿಯ ಫಲಿತಾಂಶವೂ ಕಿಡ್ನಿ ಮೇಲಿನ ಭಾರವೂ ಅಷ್ಟು ನಿರಾಳವಾಗಿ ನೋಡೋ ಹಾಗಿಲ್ಲ.

## ರಿಪೋರ್ಟ್‌ನಲ್ಲಿ ಇಲ್ಲದ ಔಷಧಿಯ ಸೆಲ್ ಖಾಲಿ ಬಿಡಬಹುದಾ?

ಬಿಡಬೇಡಿ. ಖಾಲಿ ಸೆಲ್ ಕೆಂಪಾಗಿಲ್ಲ ಅನ್ನೋ ಕಾರಣಕ್ಕೆ "ಪರವಾಗಿಲ್ಲ" ಅಂತ ಓದಿಸ್ಕೊಂಡುಬಿಡತ್ತೆ. ಖಾಲಿ ಇರೋಕೆ ಮೂರು ಬೇರೆ ಬೇರೆ ಕಾರಣ ಇರತ್ತೆ, ಅವಕ್ಕೆ ಗುರುತು ಬೇಕು.

ಒಂದು, ಲ್ಯಾಬ್ ಟೆಸ್ಟ್ ಮಾಡಿಲ್ಲ. ಎರಡು, ಟೆಸ್ಟ್ ಮಾಡಿದೆ ಆದ್ರೆ ಬೇಕಂತಲೇ ತೋರಿಸಿಲ್ಲ. ಸಾಮಾನ್ಯ ಔಷಧಿಗೆ S ಬಂದಿದ್ರೆ ದೊಡ್ಡ ಔಷಧಿಯ ಫಲಿತಾಂಶ ಹೊರಗೆ ಬಿಡದೆ ಇರೋದು ಎಷ್ಟೋ ಲ್ಯಾಬ್‌ಗಳ ಪದ್ಧತಿ, ಅನಾವಶ್ಯಕವಾಗಿ ಮೆರೋಪೆನೆಮ್ ಬರೀದೇ ಇರ್ಲಿ ಅಂತ, ಮತ್ತು ಆ ಪದ್ಧತಿ ಸರಿಯಾದದ್ದೇ. ಬೇಕಾದ್ರೆ ಫೋನ್ ಮಾಡಿ ಕೇಳಿದ್ರೆ ಕೊಡ್ತಾರೆ. ಈ ಎರಡಕ್ಕೂ NT ಅಂತ ಹಾಕಿದ್ರೆ ಸಾಕು.

ಮೂರನೇದು ಹುಟ್ಟಿನಿಂದಲೇ ಬರೋ ರೆಸಿಸ್ಟೆನ್ಸ್. ಟೆಸ್ಟ್ ಮಾಡೋ ಅಗತ್ಯವೇ ಇಲ್ಲ ಅಂತ ಲ್ಯಾಬ್ ಅದನ್ನ ಬಿಟ್ಟಿರತ್ತೆ, ಓದೋರಿಗೆ ಮಾತ್ರ ಗೊತ್ತಾಗಲ್ಲ. ಕ್ಲೆಬ್ಸಿಯೆಲ್ಲಾಗೆ ಆಂಪಿಸಿಲಿನ್, ಪ್ರೋಟಿಯಸ್‌ಗೆ ಕೋಲಿಸ್ಟಿನ್ ಮತ್ತು ನೈಟ್ರೋಫ್ಯುರಾಂಟೋಯಿನ್, ಸೂಡೋಮೊನಾಸ್‌ಗೆ ಎರ್ಟಾಪೆನೆಮ್ ಮತ್ತು ಸೆಫ್‌ಟ್ರಯಾಕ್ಸೋನ್, ಎಂಟರೋಕಾಕಸ್‌ಗೆ ಸೆಫಲೋಸ್ಪೋರಿನ್‌ಗಳು ಯಾವತ್ತೂ ಹತ್ತಲ್ಲ. ಇವಕ್ಕೆ X ಅಂತ ಹಾಕಿ ಸೆಲ್ ಕಪ್ಪು ಮಾಡಿ. ಇದೊಂದು ಕೆಲಸವನ್ನ ರಿಪೋರ್ಟ್ ನಿಮಗೋಸ್ಕರ ಮಾಡಲ್ಲ, ಟೇಬಲ್ ಮಾಡೋರೇ ಮಾಡ್ಬೇಕು, ಮತ್ತು ನನ್ನ ಪ್ರಕಾರ ಇಡೀ ಟೇಬಲ್‌ನಲ್ಲಿ ಅತಿ ಹೆಚ್ಚು ಉಪಯೋಗ ಆಗೋದೂ ಇದೇ.

## ಎಕ್ಸೆಲ್‌ನಲ್ಲಿ ಟೈಪ್ ಮಾಡಿದ್ದು ತಾರೀಖಾಗಿ ಬದಲಾಗ್ತಿದೆ, ಏನ್ಮಾಡ್ಲಿ?

ಪಿಪರಾಸಿಲಿನ್ ಟಾಜೋಬ್ಯಾಕ್ಟಮ್, ಕೋಟ್ರೈಮಾಕ್ಸಜೋಲ್ ಇವು ಜೋಡಿ ಔಷಧಿಗಳು, ಎಂಐಸಿಯನ್ನ ಕೆಲವು ಲ್ಯಾಬ್‌ಗಳು 8/4, 2/38 ಅಂತ ಕೊಡ್ತವೆ. ನಂಬರ್ ಒಂದನ್ನೇ ಟೈಪ್ ಮಾಡಿದ್ರೆ ಎಕ್ಸೆಲ್ ಅದನ್ನ ತಾರೀಖು ಅಂದ್ಕೊಂಡು ಬದಲಾಯಿಸಿಬಿಡತ್ತೆ, ಆಮೇಲೆ ಫಾರ್ಮ್ಯಾಟ್ ವಾಪಸ್ ಮಾಡಿದ್ರೂ ಮೂಲ ಬರಲ್ಲ, ಐದಂಕಿಯ ಯಾವುದೋ ನಂಬರ್ ಕೂತಿರತ್ತೆ. ಟೈಪ್ ಮಾಡೋ ಮೊದಲೇ ಆ ಕಾಲಂಗಳನ್ನೆಲ್ಲ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಹಾಕಿ. ಮುಂದೆ ಅಕ್ಷರ ಇರೋ ಪದ್ಧತಿ, ಅಂದ್ರೆ S 8/4, ಇಟ್ಕೊಂಡ್ರೆ ಈ ಸಮಸ್ಯೆ ಬರೋದೇ ಇಲ್ಲ.

## ಬಣ್ಣ ತಾನಾಗೇ ಬರೋ ಹಾಗೆ ಮಾಡೋದು ಹೇಗೆ?

ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಫಾರ್ಮುಲಾ ರೂಲ್ ಹಾಕಿ. ಔಷಧಿ ಕಾಲಂಗಳು F2 ಇಂದ ಶುರು ಅಂತ ಇಟ್ಕೊಂಡ್ರೆ ರೂಲ್ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಇದೇ ಕ್ರಮ ಬರೋ ಹಾಗೆ ಹಾಕಿ:

```
=LEFT(F2,3)="SDD"
=LEFT(F2,1)="R"
=LEFT(F2,1)="X"
=LEFT(F2,1)="I"
=LEFT(F2,1)="S"
```

SDD ಮತ್ತು I ಎರಡಕ್ಕೂ ಹಳದಿ, R ಕೆಂಪು, X ಕಪ್ಪು, S ಹಸಿರು. SDD ಮೊದಲು ಇರೋದಕ್ಕೆ ಕಾರಣ ಇದೆ, ಅದೂ S ಅಕ್ಷರದಿಂದಲೇ ಶುರುವಾಗತ್ತೆ, ರೂಲ್ ಕೆಳಗಿದ್ರೆ ಡೋಸ್ ಜಾಸ್ತಿ ಬೇಕಾದ ಔಷಧಿ ಸಾಮಾನ್ಯ ಹಸಿರಾಗಿ ಕಾಣತ್ತೆ. ಆ ರೂಲ್ ಪಕ್ಕ Stop If True ಟಿಕ್ ಮಾಡಿ. NTಗೆ ಬಣ್ಣ ಬೇಡ. ಬಣ್ಣ ಇದೆ ಅಂತ ಅಕ್ಷರ ತೆಗೀಬೇಡಿ, ಕಪ್ಪು ಬಿಳುಪು ಪ್ರಿಂಟ್ ತೆಗೆದ್ರೆ ಕೆಂಪೂ ಹಸಿರೂ ಒಂದೇ ಬೂದು, ಜೊತೆಗೆ ಆ ಎರಡು ಬಣ್ಣದ ವ್ಯತ್ಯಾಸ ಕಾಣದ ಕಣ್ಣಿನೋರೂ ಟೀಮ್‌ನಲ್ಲಿ ಇರ್ತಾರೆ.

## ಒಂದು ಉದಾಹರಣೆ ಪೂರ್ತಿ ತೋರಿಸ್ತೀರಾ?

ಯೂರಿನ್ ಕ್ಯಾಥೆಟರ್ ಇರೋ ಒಬ್ಬ ಐಸಿಯು ರೋಗಿ ಅಂತ ಇಟ್ಕೊಳ್ಳಿ, ಇದು ಅರ್ಥ ಆಗೋಕೆ ಕಟ್ಟಿದ ಕೇಸ್. ಜಾಗಕ್ಕೋಸ್ಕರ ಕೆಲವು ಔಷಧಿಗಳನ್ನ ಬಿಟ್ಟಿದೀನಿ.

| ದಿನ, ಸ್ಯಾಂಪಲ್ | ಬೆಳೆದದ್ದು | ಸೆಫ್‌ಟ್ರಯಾಕ್ಸೋನ್ | ಪಿಪ್ ಟಾಜೋ | ಎರ್ಟಾಪೆನೆಮ್ | ಮೆರೋಪೆನೆಮ್ | ಅಮಿಕಾಸಿನ್ | ಸಿಪ್ರೋ | ನೈಟ್ರೋಫ್ಯುರಾಂಟೋಯಿನ್ | ಕೋಲಿಸ್ಟಿನ್ |
|---|---|---|---|---|---|---|---|---|---|
| 2, ಯೂರಿನ್ | ಈ. ಕೋಲೈ, 1 ಲಕ್ಷಕ್ಕಿಂತ ಹೆಚ್ಚು | R >=64 | S 8 | S <=0.5 | S <=0.25 | S 2 | R >=4 | S <=16 | NT |
| 6, ಬ್ಲಡ್, ಎರಡೂ ಸೆಟ್ | ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ | R >=64 | R >=128 | R >=8 | R >=16 | R >=64 | R >=4 | NT | I <=0.5 |
| 10, ಯೂರಿನ್ | ಪ್ರೋಟಿಯಸ್ ಮಿರಾಬಿಲಿಸ್, 1 ಲಕ್ಷಕ್ಕಿಂತ ಹೆಚ್ಚು | S <=1 | S <=4 | S <=0.5 | S <=0.25 | S <=2 | S <=0.25 | X | X |

ಮೊದಲನೇ ರೋ ನೋಡಿ. ಸೆಫ್‌ಟ್ರಯಾಕ್ಸೋನ್ R, ಕಾರ್ಬಪೆನೆಮ್‌ಗಳು S, ಅಂದ್ರೆ ಇಎಸ್‌ಬಿಎಲ್ ಅನುಮಾನ. ರೋಗಿಗೆ ಬರೀ ಮೂತ್ರಕೋಶದ ಸೋಂಕು, ಜ್ವರ ಇಲ್ಲ, ಕಿಡ್ನಿ ಸರಿಯಾಗಿದೆ ಅಂದ್ರೆ ನೈಟ್ರೋಫ್ಯುರಾಂಟೋಯಿನ್ ಯೋಚಿಸಬಹುದು. ಜ್ವರ ಇದೆ, ಬಿಪಿ ಇಳೀತಿದೆ ಅಂದ್ರೆ ಅದೇ ಹಸಿರು ಸೆಲ್ ಲೆಕ್ಕಕ್ಕೇ ಇಲ್ಲ, ಯಾಕಂದ್ರೆ ಆ ಔಷಧಿ ಮೂತ್ರದಲ್ಲಿ ಸೇರತ್ತೆ, ರಕ್ತದಲ್ಲಿ, ಕಿಡ್ನಿ ಮಾಂಸದಲ್ಲಿ ಸಾಕಷ್ಟು ಸೇರಲ್ಲ. ರೋಗಲಕ್ಷಣವೇ ಇಲ್ಲ, ಕ್ಯಾಥೆಟರ್ ಇರೋದ್ರಿಂದ ಬೆಳೆದಿದೆ ಅಷ್ಟೇ ಅಂದ್ರೆ ಸಾಮಾನ್ಯವಾಗಿ ಔಷಧಿಯೇ ಬೇಡ.

ಎರಡನೇ ರೋ ಇಡೀ ಟೇಬಲ್‌ನ ಬಣ್ಣ ಬದಲಾಯಿಸಿಬಿಡತ್ತೆ. ಎರಡೂ ಸೆಟ್‌ನಲ್ಲಿ ಬಂದಿದೆ ಅಂದ್ರೆ ನಿಜವಾದ ಸೋಂಕು, ಮೆರೋಪೆನೆಮ್ 16 ಅಥವಾ ಮೇಲೆ ಅಂದ್ರೆ ಗೆರೆಯಿಂದ ಬಹಳ ದೂರ, ಡೋಸ್ ಹೆಚ್ಚಿಸಿ ಹಿಡಿಯೋ ಮಾತಲ್ಲ. ಆರನೇ ದಿನ ತನಕ ಈ. ಕೋಲೈಗೆ ಅಂತ ಮೆರೋಪೆನೆಮ್ ಹೋಗ್ತಿದ್ರೆ ಅದು ಈ ಕ್ಲೆಬ್ಸಿಯೆಲ್ಲಾವನ್ನ ಮುಟ್ಟಿಲ್ಲ ಅನ್ನೋದು ಇಲ್ಲೇ ಗೊತ್ತಾಗತ್ತೆ. ಈ ರೋನಲ್ಲಿ ಕೆಂಪಲ್ಲದ ಒಂದೇ ಫಲಿತಾಂಶ ಕೋಲಿಸ್ಟಿನ್ನಿನ ಹಳದಿ. ಅಲ್ಲಿಗೇ ನಿಲ್ಲಿಸಿ ಕೋಲಿಸ್ಟಿನ್ ಬರೆದುಬಿಡೋದು ಸುಲಭ, ಆದ್ರೆ ಟೇಬಲ್ ನಿಜವಾಗಿ ಹೇಳ್ತಿರೋದು ಲ್ಯಾಬ್‌ಗೆ ಈಗಲೇ ಫೋನ್ ಮಾಡಿ ಅಂತ. ಕೇಳಬೇಕಾದದ್ದು ಎರಡು: ಕಾರ್ಬಪೆನಮೇಸ್ ಯಾವ ತರದ್ದು, ಮತ್ತೆ ಸೆಫ್ಟಾಜಿಡೈಮ್ ಅವಿಬ್ಯಾಕ್ಟಮ್ ಟೆಸ್ಟ್ ಮಾಡಿದೀರಾ. ಕೆಪಿಸಿ ಅಥವಾ ಓಎಕ್ಸ್ಎ-48 ಆದ್ರೆ ಅವಿಬ್ಯಾಕ್ಟಮ್ ಅದನ್ನ ತಡೆಯತ್ತೆ, ಹಾಗಾಗಿ ಆ ಔಷಧಿ ನಡೆಯೋ ಸಾಧ್ಯತೆ ಇದೆ. ಎನ್‌ಡಿಎಂ ಆದ್ರೆ ತಡೆಯಲ್ಲ, ಆಗ ಅವಿಬ್ಯಾಕ್ಟಮ್ ಜೊತೆ ಅಜ್ಟ್ರಿಯೋನಾಮ್ ಸೇರಿಸೋ ದಾರಿ ಇದೆ, ಎನ್‌ಡಿಎಂ ಅಜ್ಟ್ರಿಯೋನಾಮ್‌ನ ಒಡೆಯಲ್ಲ, ಅದನ್ನ ಒಡೆಯೋ ಜೊತೆಗಾರ ಇಎಸ್‌ಬಿಎಲ್‌ಗಳನ್ನ ಅವಿಬ್ಯಾಕ್ಟಮ್ ಹಿಡಿದಿಡತ್ತೆ. ಈ ಆಯ್ಕೆ ಟೇಬಲ್ ನೋಡಿ ಒಬ್ಬರೇ ಮಾಡೋದಲ್ಲ, ಇನ್‌ಫೆಕ್ಷಿಯಸ್ ಡಿಸೀಸ್ ಅಥವಾ ಮೈಕ್ರೋಬಯಾಲಜಿ ಡಾಕ್ಟರ್ ಜೊತೆ ಮಾತಾಡಿ ಮಾಡೋದು. ಇನ್ನೊಂದು, ಕೋಲಿಸ್ಟಿನ್ ನಂಬರ್ ಯಾವ ವಿಧಾನದಲ್ಲಿ ಬಂತು ಅಂತಲೂ ಕೇಳಿ. ಬ್ರಾತ್ ಮೈಕ್ರೋಡೈಲ್ಯೂಷನ್ ಆದ್ರೆ ನಂಬಬಹುದು, ಡಿಸ್ಕ್ ಅಥವಾ ಸ್ಟ್ರಿಪ್ ಇಟ್ಟು ನೋಡಿದ್ದು ಆದ್ರೆ ನಂಬೋ ಹಾಗಿಲ್ಲ, ಕೋಲಿಸ್ಟಿನ್ ಅಗಾರ್‌ನಲ್ಲಿ ಸರಿಯಾಗಿ ಹರಡಲ್ಲ.

ಮೂರನೇ ರೋ ಒಂಥರಾ ಉಲ್ಟಾ. ಮಿಕ್ಕಿದ್ದೆಲ್ಲಾ ಹಸಿರು, ನೈಟ್ರೋಫ್ಯುರಾಂಟೋಯಿನ್ ಮತ್ತು ಕೋಲಿಸ್ಟಿನ್ ಮಾತ್ರ ಕಪ್ಪು. ಆರನೇ ದಿನದಿಂದ ಕೋಲಿಸ್ಟಿನ್ ಒಂದೇ ಹೋಗ್ತಿದ್ದ ರೋಗಿಯಲ್ಲಿ ಕೋಲಿಸ್ಟಿನ್‌ಗೆ ಹುಟ್ಟಿನಿಂದಲೇ ಬಗ್ಗದ ಪ್ರೋಟಿಯಸ್ ತಲೆ ಎತ್ತಿದೆ. ಸಾಮಾನ್ಯ ಔಷಧಿಗೆ ಹೋಗೋ ಬ್ಯಾಕ್ಟೀರಿಯಾ ಅದು, ಆದ್ರೆ ಈಗ ನಡೀತಿರೋ ದೊಡ್ಡ ಔಷಧಿ ಅದಕ್ಕೆ ನೀರು ಕೊಟ್ಟ ಹಾಗೆ. X ಹಾಕದೆ ಖಾಲಿ ಬಿಟ್ಟಿದ್ರೆ "ಕೋಲಿಸ್ಟಿನ್ ನಡೀತಿದೆ, ಕವರ್ ಆಗತ್ತೆ" ಅಂತ ಯಾರಾದ್ರೂ ಹೇಳಿಬಿಡೋರು. ಇದಕ್ಕೂ ಮೊದಲು ಲಕ್ಷಣ ಇದೆಯಾ, ಕ್ಯಾಥೆಟರ್ ಬದಲಾಯಿಸಿ ಹೊಸ ಸ್ಯಾಂಪಲ್ ತೆಗೆದ್ರಾ ಅಂತ ನೋಡಿ ಆಮೇಲೆ ಔಷಧಿ ಮಾತು.

## ಮೊದಲನೇ ರೋನಲ್ಲಿ ಪಿಪ್ ಟಾಜೋ S ಇದೆಯಲ್ಲ, ಬ್ಲಡ್‌ನಲ್ಲಿ ಬಂದಿದ್ರೆ ಅದನ್ನೇ ಕೊಡಬಹುದಿತ್ತಾ?

ಹಸಿರಿದ್ರೂ ಎಚ್ಚರಿಕೆ ಬೇಕಾದ ಸೆಲ್ ಅಂದ್ರೆ ಇದೇ. ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗದ ಈ. ಕೋಲೈ, ಕ್ಲೆಬ್ಸಿಯೆಲ್ಲಾ ರಕ್ತದಲ್ಲಿ ಬಂದ ರೋಗಿಗಳಲ್ಲಿ ಪಿಪರಾಸಿಲಿನ್ ಟಾಜೋಬ್ಯಾಕ್ಟಮ್ ಮತ್ತು ಮೆರೋಪೆನೆಮ್ ಹೋಲಿಸಿದ ಮೆರಿನೋ ಟ್ರಯಲ್ 2018ರಲ್ಲಿ ಪ್ರಕಟ ಆಯ್ತು, 30 ದಿನದೊಳಗಿನ ಸಾವು ಪಿಪ್ ಟಾಜೋ ಗುಂಪಿನಲ್ಲಿ 12.3%, ಮೆರೋಪೆನೆಮ್ ಗುಂಪಿನಲ್ಲಿ 3.7%. ಅವರೆಲ್ಲರ ರಿಪೋರ್ಟ್‌ನಲ್ಲೂ ಪಿಪ್ ಟಾಜೋ S ಅಂತಲೇ ಇತ್ತು. ಹಾಗಾಗಿ ಇಎಸ್‌ಬಿಎಲ್ ಅನುಮಾನ ಇರೋ ರೋನಲ್ಲಿ ಪಿಪ್ ಟಾಜೋ ಹಸಿರು ಬಂದ್ರೆ ಅಕ್ಷರ ಬದಲಾಯಿಸಬೇಡಿ, ರಿಪೋರ್ಟ್‌ನಲ್ಲಿ ಇದ್ದದ್ದೇ ಟೇಬಲ್‌ನಲ್ಲಿ ಇರ್ಬೇಕು, ಆದ್ರೆ ಕೊನೆಯ ಟಿಪ್ಪಣಿ ಕಾಲಂನಲ್ಲಿ "ರಕ್ತದ ಸೋಂಕಿಗೆ ಬೇಡ" ಅಂತ ಬರೀರಿ.

ಜಾಗದ ವಿಷಯಕ್ಕೆ ಇನ್ನೊಂದು ಉದಾಹರಣೆ ಡ್ಯಾಪ್ಟೋಮೈಸಿನ್. ಸ್ಟ್ಯಾಫಿಲೋಕಾಕಸ್‌ಗೆ S ಇದ್ರೂ ನ್ಯುಮೋನಿಯಾಗೆ ಕೊಡಲ್ಲ, ಶ್ವಾಸಕೋಶದ ಸರ್ಫ್ಯಾಕ್ಟೆಂಟ್ ಅದನ್ನ ನಿಷ್ಕ್ರಿಯ ಮಾಡತ್ತೆ.

## ರೆಸಿಸ್ಟೆಂಟ್ ಅಂತ ತಾನಾಗೇ ಫ್ಲ್ಯಾಗ್ ಬರೋ ಕಾಲಂ ಮಾಡಬಹುದಾ?

ಮಾಡಬಹುದು. H ಸೆಫ್‌ಟ್ರಯಾಕ್ಸೋನ್, K ಎರ್ಟಾಪೆನೆಮ್, L ಮೆರೋಪೆನೆಮ್ ಅಂತಾದ್ರೆ:

```
=IF(COUNTIF(K2:L2,"R*")>0,"CRE?",IF(LEFT(H2,1)="R","ESBL?",""))
```

ಪ್ರಶ್ನಾರ್ಥಕ ಚಿಹ್ನೆ ಬಿಡಬೇಡಿ, ಇದು ಅನುಮಾನ ಮಾತ್ರ, ಖಚಿತ ಮಾಡೋದು ಲ್ಯಾಬ್. ಜೊತೆಗೆ ಇದನ್ನ ಈ. ಕೋಲೈ, ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್ ಮಿರಾಬಿಲಿಸ್‌ಗೆ ಮಾತ್ರ ಹಾಕಿ. ಎಂಟರೋಬ್ಯಾಕ್ಟರ್ ಕ್ಲೋಯಾಸೀಗೆ ಹಾಕಿದ್ರೆ ತಪ್ಪು ಹೇಳತ್ತೆ, ಅದರಲ್ಲಿ ಸೆಫ್‌ಟ್ರಯಾಕ್ಸೋನ್ R ಬರೋಕೆ ಆಂಪ್‌ಸಿ ಅನ್ನೋ ಬೇರೆ ಕಿಣ್ವ ಕಾರಣ ಇರಬಹುದು. ಆ ಬ್ಯಾಕ್ಟೀರಿಯಾದಲ್ಲಿ ಮೊದಲ ರಿಪೋರ್ಟ್ ಸೆಫ್‌ಟ್ರಯಾಕ್ಸೋನ್ S ಇದ್ರೂ ಔಷಧಿ ನಡೀವಾಗಲೇ R ಆಗಿಬಿಡಬಹುದು, ಅದನ್ನೂ ಟಿಪ್ಪಣಿಯಲ್ಲಿ ಬರೀರಿ. ಸೂಡೋಮೊನಾಸ್, ಅಸಿನಿಟೋಬ್ಯಾಕ್ಟರ್‌ಗೆ ಈ ಫ್ಲ್ಯಾಗ್ ಅನ್ವಯ ಆಗಲ್ಲ.

ಗ್ರಾಂ ಪಾಸಿಟಿವ್ ಶೀಟ್‌ನಲ್ಲಿ ಒಂದೇ ಕಾಲಂ ನೋಡಿದ್ರೆ ಸಾಕು, ಸ್ಟ್ಯಾಫಿಲೋಕಾಕಸ್ ಆರಿಯಸ್‌ಗೆ ಸೆಫಾಕ್ಸಿಟಿನ್ R ಅಂದ್ರೆ ಎಂಆರ್‌ಎಸ್‌ಎ. ಸೆಫಾಕ್ಸಿಟಿನ್ ಕೊಡೋದಕ್ಕೆ ಅಲ್ಲ, ಗುರುತಿಸೋದಕ್ಕೆ ಮಾತ್ರ ಟೆಸ್ಟ್ ಮಾಡೋದು. ಅದು R ಆದ್ರೆ ಸೆಫ್ಟಾರೋಲಿನ್ ತರದ ಒಂದೆರಡು ಬಿಟ್ಟು ಪೆನಿಸಿಲಿನ್, ಸೆಫಲೋಸ್ಪೋರಿನ್, ಕಾರ್ಬಪೆನೆಮ್ ಎಲ್ಲಾ R ಅಂತಲೇ ಹಾಕಿ.

## ಬ್ಲಡ್ ಕಲ್ಚರ್‌ನಲ್ಲಿ ಒಂದೇ ಬಾಟಲಿಯಲ್ಲಿ ಬೆಳೆದದ್ದನ್ನೂ ಹಾಕ್ಬೇಕಾ?

ಹಾಕಿ, ಆದ್ರೆ ಎಷ್ಟರಲ್ಲಿ ಎಷ್ಟು ಅಂತ ಬರೀರಿ. ನಾಲ್ಕು ಬಾಟಲಿಯಲ್ಲಿ ಒಂದರಲ್ಲಿ ಮಾತ್ರ ಕೊಯಾಗುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್ ಬಂದ್ರೆ ಹೆಚ್ಚಾಗಿ ಅದು ಚರ್ಮದಿಂದ ಸೇರಿದ್ದು. ಆದ್ರೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಒಂದೇ ಬಾಟಲಿಯಲ್ಲಿ ಬಂದ್ರೂ ಅದನ್ನ ಚರ್ಮದ್ದು ಅಂತ ತಳ್ಳಿಹಾಕೋ ಹಾಗಿಲ್ಲ. ಚರ್ಮದ್ದು ಅನ್ನಿಸಿದ ರೋಗೆ ಬಣ್ಣ ತೆಗೆದು ಬೂದು ಮಾಡಿ, ಅಳಿಸಬೇಡಿ, ಎರಡು ದಿನ ಬಿಟ್ಟು ಮತ್ತೆ ಅದೇ ಬಂದ್ರೆ ಹಳೇದು ಬೇಕಾಗತ್ತೆ.

## ರಿಪೋರ್ಟೇ ತಪ್ಪಿರಬಹುದು ಅಂತ ಟೇಬಲ್‌ನಿಂದ ಗೊತ್ತಾಗತ್ತಾ?

ಗೊತ್ತಾಗತ್ತೆ, ಕೆಲವು ಜೋಡಿಗಳು ಸಹಜವಾಗಿ ಆಗಲ್ಲ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇಗೆ ಆಂಪಿಸಿಲಿನ್ S ಅಂತ ಬಂದಿದ್ರೆ ಬ್ಯಾಕ್ಟೀರಿಯಾ ಹೆಸರು ತಪ್ಪಿದೆ ಅಥವಾ ಟೆಸ್ಟ್ ತಪ್ಪಿದೆ. ಅದೇ ತರ ಕ್ಲೆಬ್ಸಿಯೆಲ್ಲಾದಲ್ಲಿ ಮೆರೋಪೆನೆಮ್ R ಆಗಿ ಎರ್ಟಾಪೆನೆಮ್ S ಇರೋದು ತೀರಾ ಅಸಹಜ, ಸಾಮಾನ್ಯವಾಗಿ ಎರ್ಟಾಪೆನೆಮ್ಮೇ ಮೊದಲು ಕೈಕೊಡೋದು. ಸ್ಟ್ಯಾಫಿಲೋಕಾಕಸ್ ಆರಿಯಸ್‌ಗೆ ವ್ಯಾಂಕೋಮೈಸಿನ್ R ಅಂತ ಕಂಡ್ರೆ ಅದು ಅಷ್ಟು ಅಪರೂಪ ಅಂದ್ರೆ ಲ್ಯಾಬ್ ಮತ್ತೆ ಮಾಡಿ ಖಚಿತಪಡಿಸಬೇಕು. ನೀವು ಟೈಪ್ ಮಾಡೋವಾಗ ಒಂದು ಕಾಲಂ ಪಕ್ಕಕ್ಕೆ ಜಾರಿದ್ರೂ ಇದೇ ತರ ಕಾಣತ್ತೆ, ಅದಕ್ಕೇ ಮೊದಲು ಮೂಲ ರಿಪೋರ್ಟ್ ಜೊತೆ ತಾಳೆ ನೋಡಿ, ಆಮೇಲೆ ಲ್ಯಾಬ್‌ಗೆ ಫೋನ್ ಮಾಡಿ. ಒಬ್ಬರು ಓದೋದು ಇನ್ನೊಬ್ಬರು ಟೇಬಲ್ ನೋಡೋದು ಮಾಡಿದ್ರೆ ಈ ಜಾರೋ ತಪ್ಪು ಹೆಚ್ಚುಕಡಿಮೆ ನಿಂತೇಹೋಗತ್ತೆ.

ಎರಿಥ್ರೋಮೈಸಿನ್ R, ಕ್ಲಿಂಡಾಮೈಸಿನ್ S ಅಂತ ಇರೋ ಸ್ಟ್ಯಾಫಿಲೋಕಾಕಸ್ ರೋ ತಪ್ಪಲ್ಲ, ಆದ್ರೆ ಅಪೂರ್ಣ. ಡಿ ಟೆಸ್ಟ್ ಆಗಿದೆಯಾ ಅಂತ ಕೇಳಿ, ಪಾಸಿಟಿವ್ ಆದ್ರೆ ಕ್ಲಿಂಡಾಮೈಸಿನ್ R ಅಂತ ತಿದ್ದಬೇಕು.

## ಪ್ರಿಲಿಮಿನರಿ ರಿಪೋರ್ಟ್ ಹಾಕಿದ್ದೆ, ಫೈನಲ್ ಬಂತು. ಹೊಸ ರೋ ಮಾಡ್ಲಾ?

ಬೇಡ, ಅದೇ ರೋ ತಿದ್ದಿ ಫೈನಲ್ ಅಂತ ಬದಲಾಯಿಸಿ. ಒಂದೇ ಸ್ಯಾಂಪಲ್ ಎರಡು ರೋ ಆದ್ರೆ ಎರಡು ಸಲ ಬೆಳೆದ ಹಾಗೆ ಕಾಣತ್ತೆ. ಲ್ಯಾಬ್‌ನ ಸ್ಯಾಂಪಲ್ ನಂಬರ್ ಒಂದು ಕಾಲಂನಲ್ಲಿ ಇಟ್ಟಿದ್ರೆ ಯಾವುದು ಯಾವುದರ ಮುಂದುವರಿಕೆ ಅಂತ ಗೊಂದಲ ಆಗಲ್ಲ.

## ಎಲ್ಲಾ ರೋಗಿಗಳ ಟೇಬಲ್ ಒಟ್ಟು ಸೇರಿಸಿದ್ರೆ ಆಸ್ಪತ್ರೆ ಆಂಟಿಬಯೋಗ್ರಾಂ ಆಗತ್ತಾ?

ಹಾಗೇ ಸೇರಿಸಿದ್ರೆ ಆಗಲ್ಲ. ಒಬ್ಬ ರೋಗಿಯಿಂದ ಒಂದೇ ಬ್ಯಾಕ್ಟೀರಿಯಾ ಎಂಟು ಸಲ ಬೆಳೆದಿದ್ರೆ ಅದು ಎಂಟು ಸಲ ಲೆಕ್ಕಕ್ಕೆ ಬಂದು ರೆಸಿಸ್ಟೆನ್ಸ್ ಇರೋದಕ್ಕಿಂತ ಜಾಸ್ತಿ ಕಾಣತ್ತೆ, ಯಾಕಂದ್ರೆ ಪದೇ ಪದೇ ಕಲ್ಚರ್ ಕಳಿಸೋದು ವಾಸಿಯಾಗದ ರೋಗಿಗಳದ್ದೇ. ಅದಕ್ಕೆ ಆ ಅವಧಿಯಲ್ಲಿ ಒಬ್ಬ ರೋಗಿಯಿಂದ ಒಂದು ಜಾತಿಯ ಬ್ಯಾಕ್ಟೀರಿಯಾದ ಮೊದಲನೇದನ್ನ ಮಾತ್ರ ತಗೋಬೇಕು, ಮತ್ತು ಒಂದು ಜಾತಿಗೆ ಕಡಿಮೆ ಅಂದ್ರೂ 30 ಇದ್ರೆ ಮಾತ್ರ ಶೇಕಡಾ ಹಾಕ್ಬೇಕು, ಇವೆರಡೂ ಸಿಎಲ್‌ಎಸ್‌ಐನ ಎಂ39 ಗೈಡ್‌ಲೈನ್‌ನಲ್ಲಿ ಇರೋದು. ಶೇಕಡಾ ಅಂದ್ರೆ S ಆದವರ ಶೇಕಡಾ, I ಸೇರಿಸಲ್ಲ. ಇದಕ್ಕೆ ಎಕ್ಸೆಲ್‌ಗಿಂತ ಹೂನೆಟ್ ಅನ್ನೋ ಉಚಿತ ಸಾಫ್ಟ್‌ವೇರ್ ಒಳ್ಳೇದು, ಮೊದಲನೇದನ್ನ ಆರಿಸೋ ಕೆಲಸ ಅದೇ ಮಾಡತ್ತೆ.